ಹುಡುಕಾಟದ ಫಲಿತಾಂಶದಲ್ಲಿ ಬದಲಾಗುವ ಶೀರ್ಷಿಕೆ: ಕಾರಣಗಳು ಮತ್ತು ಪರಿಹಾರ

ಗೂಗಲ್‌ನಲ್ಲಿ ಏನನ್ನಾದರೂ ಹುಡುಕಿದಾಗ ಬರುವ ಪ್ರತಿಯೊಂದು ಫಲಿತಾಂಶಕ್ಕೂ ದೊಡ್ಡ ಅಕ್ಷರದ ಒಂದು ಸಾಲು ಇರುತ್ತದೆ. ಅದನ್ನು ಒತ್ತಿದರೆ ಪುಟ ತೆರೆಯುತ್ತದೆ. ಈ ಸಾಲಿಗೆ ಗೂಗಲ್ ಇಟ್ಟಿರುವ ಹೆಸರು ಟೈಟಲ್ ಲಿಂಕ್. ಪುಟ ಮಾಡಿದವರು ಕೊಟ್ಟ ಶೀರ್ಷಿಕೆಯೇ ಅಲ್ಲಿ ಕಾಣುತ್ತದೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ, ಬಹಳಷ್ಟು ಸಲ ಅದು ನಿಜವೂ ಹೌದು. ಆದರೂ ಎಷ್ಟೋ ಪುಟಗಳ ವಿಷಯದಲ್ಲಿ ಬರೆದ ಶೀರ್ಷಿಕೆ ಒಂದಾಗಿರುತ್ತದೆ, ಫಲಿತಾಂಶದಲ್ಲಿ ಕಾಣುವುದು ಇನ್ನೊಂದಾಗಿರುತ್ತದೆ. ಕೆಲವೊಮ್ಮೆ ಬಾಲ ಮಾತ್ರ ಹೋಗಿರುತ್ತದೆ, ಕೆಲವೊಮ್ಮೆ ಇಡೀ ಸಾಲೇ ಬೇರೆಯಾಗಿರುತ್ತದೆ.

ಪುಟದ ಶೀರ್ಷಿಕೆ ಇರುವುದು ಅದರ ಎಚ್‌ಟಿಎಂಎಲ್ ಕಡತದ ತಲೆಭಾಗದಲ್ಲಿ, `<title>` ಎಂಬ ಟ್ಯಾಗ್‌ನೊಳಗೆ. ಪುಟವನ್ನು ಓದುವವರ ಕಣ್ಣಿಗೆ ಇದು ಪುಟದ ಮೈಮೇಲೆ ಕಾಣಿಸುವುದಿಲ್ಲ. ಬ್ರೌಸರ್‌ನ ಟ್ಯಾಬ್‌ನಲ್ಲಿ, ಬುಕ್‌ಮಾರ್ಕ್ ಪಟ್ಟಿಯಲ್ಲಿ ಮತ್ತು ಹುಡುಕಾಟದ ಫಲಿತಾಂಶದಲ್ಲಿ ಮಾತ್ರ ಕಾಣುತ್ತದೆ. ಪುಟದ ಮೇಲೆ ಎದ್ದು ಕಾಣುವ ತಲೆಬರಹವೇ ಬೇರೆ, ಅದನ್ನು ಸಾಮಾನ್ಯವಾಗಿ `<h1>` ಟ್ಯಾಗ್‌ನಲ್ಲಿ ಬರೆಯುತ್ತಾರೆ. ಒಂದು ಪುಟಕ್ಕೆ ಹೀಗೆ ಎರಡು ಹೆಸರು ಇರುವುದಕ್ಕೆ ಸಕಾರಣವಿದೆ. ಟೈಟಲ್ ಟ್ಯಾಗ್‌ನ ಮಾತು ಪುಟದಿಂದ ಹೊರಗೆ, ಬೇರೆ ನೂರು ಪುಟಗಳ ನಡುವೆ ಒಂಟಿಯಾಗಿ ನಿಂತಾಗಲೂ ಅರ್ಥವಾಗಬೇಕು. ಪುಟದೊಳಗಿನ ತಲೆಬರಹಕ್ಕೆ ಆ ಹೊರೆಯಿಲ್ಲ, ಏಕೆಂದರೆ ಅದನ್ನು ನೋಡುವ ಹೊತ್ತಿಗೆ ಓದುಗರು ಆಗಲೇ ಪುಟದೊಳಗೆ ಬಂದಿರುತ್ತಾರೆ. ಎಚ್‌ಟಿಎಂಎಲ್‌ನ ಅಧಿಕೃತ ಮಾನಕವೂ ಈ ವ್ಯತ್ಯಾಸವನ್ನು ಒಪ್ಪುತ್ತದೆ. ಹಾಗಾಗಿ ಎರಡೂ ಪದಕ್ಕೆ ಪದ ಒಂದೇ ಆಗಿರಬೇಕಿಲ್ಲ. ಆದರೆ ಅವು ಒಂದಕ್ಕೊಂದು ವಿರುದ್ಧವಾಗಿ ಮಾತಾಡಿದರೆ ತೊಂದರೆ ಶುರುವಾಗುತ್ತದೆ.

ಟೈಟಲ್ ಟ್ಯಾಗ್ ಅನ್ನು ಸರ್ಚ್ ಎಂಜಿನ್ ಆಜ್ಞೆಯೆಂದು ತೆಗೆದುಕೊಳ್ಳುವುದಿಲ್ಲ. ನ್ಯಾಯಾಲಯದಲ್ಲಿ ಒಬ್ಬ ಸಾಕ್ಷಿಯ ಹೇಳಿಕೆಯನ್ನು ಉಳಿದ ಸಾಕ್ಷಿಗಳ ಮಾತಿನೊಂದಿಗೆ ಹೋಲಿಸಿ ನೋಡುವ ಹಾಗೆ ಅದನ್ನೂ ಪರೀಕ್ಷಿಸುತ್ತದೆ. ಪುಟದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ತಲೆಬರಹ, `<h1>` ಮೊದಲಾದ ಟ್ಯಾಗ್‌ಗಳಲ್ಲಿರುವ ಸಾಲುಗಳು, ವಾಟ್ಸ್‌ಆ್ಯಪ್ ಮತ್ತು ಫೇಸ್‌ಬುಕ್‌ನಲ್ಲಿ ಹಂಚಿದಾಗ ಕಾಣಲೆಂದು ಬರೆದ `og:title`, ವಿನ್ಯಾಸದ ಮೂಲಕ ದಪ್ಪಕ್ಷರದಲ್ಲಿ ಎದ್ದು ಕಾಣಿಸಿದ ಇತರ ಮಾತು, ಬೇರೆ ಪುಟಗಳು ಈ ಪುಟಕ್ಕೆ ಕೊಂಡಿ ಕೊಡುವಾಗ ಬಳಸಿದ ಪದಗಳು: ಇವೆಲ್ಲವೂ ಆಧಾರಗಳಾಗಬಹುದೆಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ ಹೇಳಿದೆ. ಇವೆಲ್ಲ ಒಂದೇ ಮಾತು ಹೇಳಿದಾಗ ಟೈಟಲ್ ಟ್ಯಾಗ್ ಬಹುತೇಕ ಹಾಗೆಯೇ ಉಳಿಯುತ್ತದೆ. ಟೈಟಲ್ ಒಂದು ಹೇಳಿ ಉಳಿದವೆಲ್ಲ ಇನ್ನೊಂದು ಹೇಳಿದರೆ ಉಳಿದವುಗಳ ಮಾತು ಗೆಲ್ಲುತ್ತದೆ. ಶೀರ್ಷಿಕೆ ಬದಲಾಗುವ ಹೆಚ್ಚಿನ ಪ್ರಸಂಗಗಳನ್ನು ಈ ಒಂದು ಸೂತ್ರದಿಂದಲೇ ಅರ್ಥ ಮಾಡಿಕೊಳ್ಳಬಹುದು.

ಇದು ಹೊಸ ಪದ್ಧತಿಯೇನಲ್ಲ. ಒಂದು ಕಾಲದಲ್ಲಿ ಗೂಗಲ್, ಸ್ವಯಂಸೇವಕರು ನಡೆಸುತ್ತಿದ್ದ ಡಿಮೋಜ್ ಎಂಬ ಜಾಲತಾಣಗಳ ಪಟ್ಟಿಯಿಂದಲೂ ಶೀರ್ಷಿಕೆಗಳನ್ನು ಎತ್ತಿಕೊಳ್ಳುತ್ತಿತ್ತು. ಅದನ್ನು ಬೇಡವೆನ್ನಲು `noodp` ಎಂಬ ಸೂಚನೆಯೂ ಇತ್ತು. ಆ ಪಟ್ಟಿ 2017ರಲ್ಲಿ ಮುಚ್ಚಿತು, ಸೂಚನೆಯೂ ನಿರರ್ಥಕವಾಯಿತು. ಟೈಟಲ್ ಟ್ಯಾಗ್‌ನ ಆಚೆಗಿನ ಪಠ್ಯವನ್ನು ಬಳಸುವುದು ಒಂದು ದಶಕಕ್ಕೂ ಹಿಂದಿನಿಂದಲೇ ನಡೆದಿದೆ. ಆಗ ಬಳಕೆದಾರ ಯಾವ ಪದ ಹಾಕಿ ಹುಡುಕಿದ ಎನ್ನುವುದರ ಮೇಲೂ ಕಾಣುವ ಶೀರ್ಷಿಕೆ ಬದಲಾಗುತ್ತಿತ್ತು. 2021ರ ಆಗಸ್ಟ್‌ನಲ್ಲಿ ಬಂದ ಹೊಸ ವ್ಯವಸ್ಥೆ ಇದನ್ನು ಬಹುಮಟ್ಟಿಗೆ ನಿಲ್ಲಿಸಿತು. ಯಾವ ಪ್ರಶ್ನೆಗೆ ಉತ್ತರವಾಗಿ ಬಂದರೂ ಒಟ್ಟು ಪುಟವನ್ನು ಚೆನ್ನಾಗಿ ಹೇಳುವ ಒಂದೇ ಶೀರ್ಷಿಕೆಯನ್ನು ಆರಿಸುವುದು ಅದರ ಉದ್ದೇಶ. ಆ ಬದಲಾವಣೆಯ ಮೊದಲ ವಾರಗಳಲ್ಲಿ ಚೆನ್ನಾಗಿದ್ದ ಶೀರ್ಷಿಕೆಗಳೂ ಕೆಟ್ಟವು ಎಂಬ ದೂರುಗಳು ಜಗತ್ತಿನೆಲ್ಲೆಡೆಯಿಂದ ಬಂದವು. ಗೂಗಲ್ ವ್ಯವಸ್ಥೆಯನ್ನು ತಿದ್ದಿತು. ಸೆಪ್ಟೆಂಬರ್‌ನಲ್ಲಿ ನೀಡಿದ ವಿವರಣೆಯಲ್ಲಿ, ಸುಮಾರು ಶೇ 87ರಷ್ಟು ಸಂದರ್ಭಗಳಲ್ಲಿ ಟೈಟಲ್ ಟ್ಯಾಗ್‌ನ ಪಠ್ಯವನ್ನೇ ಬಳಸಲಾಗುತ್ತಿದೆ ಎಂದು ತಿಳಿಸಿತು.

ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಝಿಪ್ಪಿ ಎಂಬ ಸಂಸ್ಥೆ ಸುಮಾರು 81,000 ಶೀರ್ಷಿಕೆಗಳನ್ನು ಹೋಲಿಸಿ ನೋಡಿದಾಗ ಶೇ 61ರಷ್ಟು ಯಾವುದಾದರೊಂದು ರೀತಿಯಲ್ಲಿ ಬದಲಾಗಿದ್ದವು. ಎರಡು ಲೆಕ್ಕಗಳು ಮೇಲ್ನೋಟಕ್ಕೆ ಜಗಳವಾಡುವಂತೆ ಕಂಡರೂ ಅವು ಅಳೆಯುತ್ತಿರುವುದು ಬೇರೆ ಬೇರೆ ಸಂಗತಿಗಳನ್ನು. ಶೀರ್ಷಿಕೆಯ ತುದಿಯಲ್ಲಿದ್ದ ತಾಣದ ಹೆಸರನ್ನು ತೆಗೆದುಹಾಕಿದರೆ, ನಡುವಿನ ಗೆರೆಯೊಂದನ್ನು ಬದಲಿಸಿದರೆ, ಅದು ಎರಡನೆಯ ಲೆಕ್ಕದಲ್ಲಿ ಬದಲಾವಣೆಯೇ. ಗೂಗಲ್‌ನ ಲೆಕ್ಕದಲ್ಲಿ ಮಾತ್ರ ಪಠ್ಯದ ಮೂಲ ಟೈಟಲ್ ಟ್ಯಾಗ್ ಆಗಿದ್ದರೆ ಸಾಕು. ಪುಟ ಮಾಡುವವರು ಚಿಂತಿಸಬೇಕಾದದ್ದು ತಮ್ಮ ಶೀರ್ಷಿಕೆಯ ತಿರುಳು ಉಳಿಯಿತೇ ಎಂಬುದರ ಬಗ್ಗೆ. ಚುಕ್ಕಿ, ಗೆರೆಗಳ ಬದಲಾವಣೆಗೆ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ.

ಶೀರ್ಷಿಕೆ ಬದಲಾಗುವ ಕಾರಣಗಳಲ್ಲಿ ಕೆಲವು ತೀರ ಸರಳ. ‘ಮುಖಪುಟ’ ಅಥವಾ ‘ಹೆಸರಿಲ್ಲದ ಪುಟ’ ಎಂಬಂಥ ಶೀರ್ಷಿಕೆ ಯಾವ ಪುಟದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ತಾಣ ನಡೆಸುವ ಸಾಫ್ಟ್‌ವೇರ್‌ನಲ್ಲಿ ಒಂದು ಖಾನೆ ತುಂಬದೆ ಬಿಟ್ಟರೆ ಗೆರೆ ಮತ್ತು ತಾಣದ ಹೆಸರಷ್ಟೇ ಉಳಿದು, ಮೊದಲ ಅರ್ಧ ಖಾಲಿಯಾಗಿರುತ್ತದೆ. ಒಂದೇ ಪದವನ್ನು ನಾಲ್ಕಾರು ರೂಪದಲ್ಲಿ ತುರುಕಿದ ಶೀರ್ಷಿಕೆಯೂ ಉಳಿಯುವುದು ಕಷ್ಟ. ನೂರು ಪುಟಗಳಿಗೂ ಒಂದೇ ಉದ್ದನೆಯ ಸಾಲು ಹಾಕಿದ್ದರೆ ಪುಟಗಳ ನಡುವಿನ ವ್ಯತ್ಯಾಸ ತಿಳಿಯುವುದೇ ಇಲ್ಲ. ಧಾರಾವಾಹಿಯ ಎಲ್ಲ ಕಂತುಗಳಿಗೂ ಕಂತಿನ ಸಂಖ್ಯೆಯಿಲ್ಲದ ಒಂದೇ ಹೆಸರು ಕೊಟ್ಟರೆ, ಪುಟದ ತಲೆಬರಹದಲ್ಲಿರುವ ಸಂಖ್ಯೆಯನ್ನು ಎಂಜಿನ್ ತಾನೇ ಹುಡುಕಿ ಸೇರಿಸಬಹುದು.

ಹಳಸಿದ ವರ್ಷದ ತೊಂದರೆ ಕರ್ನಾಟಕದ ತಾಣಗಳಲ್ಲಿ ಬಹಳ. ಪ್ರವೇಶ ಪ್ರಕ್ರಿಯೆ, ಪರೀಕ್ಷಾ ವೇಳಾಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ ಮುಂತಾದ ಪುಟಗಳನ್ನು ಪ್ರತಿವರ್ಷ ಅದೇ ವಿಳಾಸದಲ್ಲಿ ಹೊಸದು ಮಾಡುವ ರೂಢಿಯಿದೆ. ಪುಟದ ಮೈ ಮತ್ತು ತಲೆಬರಹ ಹೊಸ ವರ್ಷಕ್ಕೆ ಬದಲಾಗುತ್ತವೆ, ಕಣ್ಣಿಗೆ ಕಾಣದ ಟೈಟಲ್ ಟ್ಯಾಗ್ ಮಾತ್ರ ಹಳೆಯ ವರ್ಷದಲ್ಲೇ ಉಳಿದುಬಿಡುತ್ತದೆ. ಇಂಥಲ್ಲಿ ಎಂಜಿನ್ ತಲೆಬರಹದ ವರ್ಷವನ್ನು ತೆಗೆದುಕೊಂಡರೆ ಅದು ಓದುಗರಿಗೆ ಉಪಕಾರವೇ. ವರ್ಷ ಹಾಕುವುದಾದರೆ ಟೈಟಲ್, ತಲೆಬರಹ, `og:title` ಮೂರರಲ್ಲೂ ಒಟ್ಟಿಗೆ ಬದಲಿಸುವ ಏರ್ಪಾಡು ಇರಬೇಕು. ಅದು ಆಗದಿದ್ದರೆ ಶೀರ್ಷಿಕೆಯಲ್ಲಿ ವರ್ಷ ಹಾಕದಿರುವುದೇ ಲೇಸು.

ಕನ್ನಡ ಪುಟಗಳ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಕಾರಣ ಲಿಪಿಯ ಹೊಂದಾಣಿಕೆಯಿಲ್ಲದಿರುವುದು. 2022ರ ಜೂನ್‌ನಲ್ಲಿ ಗೂಗಲ್ ಒಂದು ಬದಲಾವಣೆಯನ್ನು ಪ್ರಕಟಿಸಿತು. ಪುಟದ ಮೈ ಒಂದು ಭಾಷೆ ಅಥವಾ ಲಿಪಿಯಲ್ಲಿದ್ದು, ಟೈಟಲ್ ಟ್ಯಾಗ್ ಇನ್ನೊಂದರಲ್ಲಿದ್ದರೆ ಅದನ್ನು ಗುರುತಿಸಿ, ಮೈಯ ಭಾಷೆ ಮತ್ತು ಲಿಪಿಗೆ ಹೊಂದುವ ಶೀರ್ಷಿಕೆಯನ್ನು ಆರಿಸಲಾಗುವುದು ಎಂಬುದು ಅದರ ಸಾರ. ಅಲ್ಲಿ ಕೊಟ್ಟ ಒಂದು ಉದಾಹರಣೆ, ಹಿಂದಿಯ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಶೀರ್ಷಿಕೆಯದು. ಕನ್ನಡದಲ್ಲೂ ಈ ಅಭ್ಯಾಸ ಇದೆ. ಅಡುಗೆ, ಭಾವಗೀತೆ, ಕೃಷಿ, ಸರ್ಕಾರಿ ಯೋಜನೆ ಹೀಗೆ ಯಾವ ವಿಷಯದ ಪುಟ ತೆಗೆದರೂ ಮೈಯೆಲ್ಲ ಕನ್ನಡ ಲಿಪಿಯಲ್ಲಿದ್ದು ಟೈಟಲ್ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿರುವುದು ಸಾಮಾನ್ಯ.

ಹೀಗೆ ಮಾಡುವವರ ಲೆಕ್ಕಾಚಾರ ಅರ್ಥವಾಗುವಂಥದ್ದೇ. ಕನ್ನಡಿಗರಲ್ಲಿ ಅನೇಕರು ಮೊಬೈಲಿನಲ್ಲಿ ಕನ್ನಡ ಮಾತನ್ನು ಇಂಗ್ಲಿಷ್ ಕೀಲಿಗಳಲ್ಲೇ ಹೊಡೆದು ಹುಡುಕುತ್ತಾರೆ. ಶೀರ್ಷಿಕೆಯೂ ಅದೇ ಅಕ್ಷರಗಳಲ್ಲಿದ್ದರೆ ಪುಟ ಸಿಗುತ್ತದೆ ಎಂಬುದು ಅವರ ಎಣಿಕೆ. ಆದರೆ ಆ ಪದಗಳನ್ನು ಇಡಲು ಬೇರೆ ಜಾಗಗಳಿವೆ. ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ `adike-kole-roga` ಎಂದು ಇಡಬಹುದು. ಪುಟದ ಮೈಯಲ್ಲಿ ಸಹಜವಾಗಿ ಹೊಂದುವ ಕಡೆ ಇಂಗ್ಲಿಷ್ ಹೆಸರನ್ನೋ ವೈಜ್ಞಾನಿಕ ಹೆಸರನ್ನೋ ಬರೆಯಬಹುದು. ಶೀರ್ಷಿಕೆಯಲ್ಲಿ ಒಂದೆರಡು ಇಂಗ್ಲಿಷ್ ಅಕ್ಷರದ ಪದಗಳು, ಉದಾಹರಣೆಗೆ ಒಂದು ಸಾಫ್ಟ್‌ವೇರ್‌ನ ಹೆಸರು, ಬಂದರೆ ಅಡ್ಡಿಯಿಲ್ಲ. ಶೀರ್ಷಿಕೆಯ ಮುಖ್ಯ ಲಿಪಿ ಯಾವುದು, ಮೈಯ ಮುಖ್ಯ ಲಿಪಿ ಯಾವುದು ಎಂಬುದು ಇಲ್ಲಿ ಮುಖ್ಯವಾಗುವ ಪ್ರಶ್ನೆ. ಎಚ್‌ಟಿಎಂಎಲ್‌ನಲ್ಲಿ `lang="kn"` ಎಂದು ಬರೆದ ಮಾತ್ರಕ್ಕೆ ಈ ದೋಷ ಸರಿಹೋಗುವುದಿಲ್ಲ. ಅಂಧರು ಬಳಸುವ ಓದು ತಂತ್ರಾಂಶಗಳಿಗೆ ಅದು ಬೇಕೇ ಬೇಕು, ಆದರೆ ಗೂಗಲ್ ಪುಟದ ಭಾಷೆಯನ್ನು ನಿರ್ಧರಿಸುವುದು ಪುಟದಲ್ಲಿ ಕಾಣುವ ಪಠ್ಯವನ್ನು ನೋಡಿ.

ಹಳೆಯ ತಾಣಗಳಲ್ಲಿ ಲಿಪಿಯ ತೊಂದರೆಗೆ ಇನ್ನೊಂದು ಮುಖವಿದೆ. ಯುನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಈಗಲೂ ಸಾಕಷ್ಟಿವೆ. ಆ ಫಾಂಟ್ ಹಾಕಿಕೊಂಡ ಕಂಪ್ಯೂಟರ್‌ನಲ್ಲಿ ‘ಕರ್ನಾಟಕ’ ಎಂದು ಕಾಣುವುದು ಕಡತದೊಳಗೆ ನಿಜವಾಗಿ `PÀ£ÁðlPÀ` ಎಂದಿರುತ್ತದೆ. ಸರ್ಚ್ ಎಂಜಿನ್‌ಗೆ ಫಾಂಟ್‌ನ ಹಂಗಿಲ್ಲ, ಅದು ಓದುವುದು ಈ ಎರಡನೆಯ ರೂಪವನ್ನು. ಇಂಥ ಪಠ್ಯವನ್ನು ಟೈಟಲ್ ಟ್ಯಾಗ್‌ಗೆ ನಕಲಿಸಿದರೆ ಫಲಿತಾಂಶದಲ್ಲಿ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ, ಇಲ್ಲವೇ ಎಂಜಿನ್ ಅದನ್ನು ಬಿಟ್ಟು ಬೇರೆಯದನ್ನು ಹುಡುಕುತ್ತದೆ. ಪುಟವನ್ನು ಯುನಿಕೋಡ್‌ಗೆ ಪರಿವರ್ತಿಸುವುದನ್ನು ಬಿಟ್ಟರೆ ಇದಕ್ಕೆ ಬೇರೆ ಮದ್ದಿಲ್ಲ.

ಈ ಕಾರಣಗಳೆಲ್ಲ ಒಂದೇ ಪುಟದಲ್ಲಿ ಹೇಗೆ ಸೇರುತ್ತವೆ ಎಂದು ತಿಳಿಯಲು ಉದಾಹರಣೆಗಾಗಿ ಒಂದು ಪುಟವನ್ನು ಕಲ್ಪಿಸಿಕೊಳ್ಳಬಹುದು. ಮಲೆನಾಡಿನ ಅಡಿಕೆ ಬೆಳೆಗಾರರಿಗಾಗಿ ನಡೆಯುವ ಒಂದು ಕೃಷಿ ತಾಣ, ಅದರಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಬಗ್ಗೆ ಒಂದು ಲೇಖನ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣವನ್ನು 100 ಲೀಟರ್ ನೀರಿನ ಲೆಕ್ಕದಲ್ಲಿ ಬೆರೆಸಿ ಶೇ 1ರ ದ್ರಾವಣ ಮಾಡುವ ಕ್ರಮ, ಮಳೆಗಾಲಕ್ಕೆ ಮುಂಚಿನ ಮೊದಲ ಸಿಂಪಡಣೆ, ಅನಂತರದ ಎರಡನೆಯದು, ಎಲ್ಲವೂ ಒಳ್ಳೆಯ ಕನ್ನಡದಲ್ಲಿವೆ. ಪುಟದ ತಲೆಭಾಗ ಮಾತ್ರ ಹೀಗಿದೆ:

```html
<title>Home | Krishi Mahiti | Adike Roga, Adike Kole Roga,
Arecanut Disease Kannada 2019</title>
...
<h1>ಕೃಷಿ ಮಾಹಿತಿ</h1>
<h2>ಕೊಳೆರೋಗ ಮತ್ತು ಬೋರ್ಡೋ ದ್ರಾವಣ</h2>
```

ಮೊದಲ ದೋಷ ಆರಂಭದ ಪದದಲ್ಲೇ ಇದೆ. ಇದು ಮುಖಪುಟವಲ್ಲ, ಆದರೂ ಹಾಗೆಂದು ಹೇಳಿಕೊಳ್ಳುತ್ತಿದೆ. ಎರಡನೆಯದು ಲಿಪಿ. ಮೂರನೆಯದು ಒಂದೇ ವಿಷಯವನ್ನು ಮೂರು ಸಲ ತುರುಕಿರುವುದು. ನಾಲ್ಕನೆಯದು ಹಳೆಯ ವರ್ಷ. ಇವೆಲ್ಲ ಟೈಟಲ್ ಟ್ಯಾಗ್‌ನ ದೋಷಗಳಾದರೆ, ಐದನೆಯದು ಪುಟದ ಮೈಯಲ್ಲಿದೆ, ಮತ್ತು ಸುಲಭವಾಗಿ ಕಣ್ಣುತಪ್ಪುವುದು ಅದೇ. ಇಲ್ಲಿ `<h1>` ಟ್ಯಾಗ್‌ನಲ್ಲಿರುವುದು ಲೇಖನದ ತಲೆಬರಹವಲ್ಲ, ತಾಣದ ಹೆಸರು. ಸಿದ್ಧ ವಿನ್ಯಾಸಗಳನ್ನು ಕೊಂಡು ತಾಣ ಕಟ್ಟುವಾಗ ಲಾಂಛನದ ಪಕ್ಕದ ಹೆಸರನ್ನು ಎಲ್ಲ ಪುಟಗಳಲ್ಲೂ `<h1>` ಮಾಡಿಟ್ಟಿರುವುದು ಆಗಾಗ ಕಾಣುತ್ತದೆ. ಟೈಟಲ್ ಅನ್ನು ನಂಬಲಾಗದ ಎಂಜಿನ್ ತಲೆಬರಹದತ್ತ ತಿರುಗಿದಾಗ ಅಲ್ಲಿ ಸಿಗುವುದು ‘ಕೃಷಿ ಮಾಹಿತಿ’ ಎಂಬ ಎರಡು ಪದ. ಆಗ ತಾಣದ ಹತ್ತಾರು ಲೇಖನಗಳು ಫಲಿತಾಂಶದಲ್ಲಿ ಅದೊಂದೇ ಹೆಸರಿನಿಂದ ಕಾಣಿಸಿಕೊಳ್ಳಬಹುದು. ಕೊಳೆರೋಗಕ್ಕೆ ಪರಿಹಾರ ಹುಡುಕುವ ರೈತರಿಗೆ ಆ ಸಾಲು ನೋಡಿ ಏನೂ ತಿಳಿಯುವುದಿಲ್ಲ. ಎಂಜಿನ್ `<h2>` ಸಾಲನ್ನು ಆರಿಸಿಕೊಂಡರೆ ಪುಟದ ಅದೃಷ್ಟ.

ತಿದ್ದುವುದನ್ನು ಮೈಯಿಂದ ಆರಂಭಿಸಬೇಕು. ತಾಣದ ಹೆಸರನ್ನು `<h1>`ನಿಂದ ಹೊರತೆಗೆದು ಸಾಮಾನ್ಯ ಕೊಂಡಿಯಾಗಿ ಇಟ್ಟು, ಲೇಖನದ ತಲೆಬರಹಕ್ಕೆ ಆ ಸ್ಥಾನ ಕೊಡಬೇಕು. ಅದು ಕೋಡ್‌ನಲ್ಲಿ ಮಾತ್ರವಲ್ಲ, ಕಣ್ಣಿಗೂ ಪುಟದ ಅತಿದೊಡ್ಡ ಸಾಲಾಗಿ ಕಾಣಬೇಕು. ಅಷ್ಟೇ ದೊಡ್ಡ ಅಕ್ಷರದ ಜಾಹೀರಾತು ಸಾಲೋ ಪ್ರಕಟಣೆಯೋ ಪಕ್ಕದಲ್ಲಿದ್ದರೆ ಯಾವುದು ತಲೆಬರಹ ಎಂಬ ಗೊಂದಲ ಉಳಿದೇ ಉಳಿಯುತ್ತದೆ. ಆಮೇಲೆ ಟೈಟಲ್:

```html
<title>ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ: ತಯಾರಿ, ಸಿಂಪಡಣೆ - ಕೃಷಿ ಮಾಹಿತಿ</title>
<meta property="og:title"
 content="ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ: ತಯಾರಿ, ಸಿಂಪಡಣೆ">
...
<h1>ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ</h1>
```

ಇಲ್ಲಿ ತಲೆಬರಹ ಟೈಟಲ್‌ಗಿಂತ ಚಿಕ್ಕದು. ಆದರೂ ಅದರ ಪ್ರತಿಯೊಂದು ಪದವೂ ಟೈಟಲ್‌ನ ಮೊದಲ ಭಾಗದಲ್ಲಿದೆ. ಹಳೆಯ `<h2>`ನಲ್ಲಿ ‘ಅಡಿಕೆ’ ಎಂಬ ಮಾತೇ ಇರಲಿಲ್ಲ. ಅಡಿಕೆಯ ತಾಣದೊಳಗೆ ಅದು ನಡೆಯುತ್ತದೆ, ಆದರೆ ಹೊರಗೆ ಕೊಳೆರೋಗ ಎಂದರೆ ಯಾವ ಬೆಳೆಯದು ಎಂಬ ಪ್ರಶ್ನೆ ಏಳುತ್ತದೆ. ಈಗ ಯಾವ ಆಧಾರವನ್ನು ಎತ್ತಿಕೊಂಡರೂ ಸಿಗುವ ಹೆಸರು ಹೆಚ್ಚುಕಡಿಮೆ ಒಂದೇ. ಉಳಿದ ಒಂದು ಕೆಲಸ ತಾಣದೊಳಗಿನ ಕೊಂಡಿಗಳದು. ಬೇರೆ ಲೇಖನಗಳಿಂದ ಈ ಪುಟಕ್ಕೆ ಕೊಂಡಿ ಕೊಡುವಾಗ ‘ಇಲ್ಲಿ ಒತ್ತಿ’, ‘ಹೆಚ್ಚಿನ ಮಾಹಿತಿ’ ಎಂದು ಬರೆಯುವ ಬದಲು ‘ಬೋರ್ಡೋ ದ್ರಾವಣದ ತಯಾರಿ’ ಎಂದು ಬರೆದರೆ ಆ ಆಧಾರವೂ ಶೀರ್ಷಿಕೆಯ ಪರವಾಗಿ ನಿಲ್ಲುತ್ತದೆ.

ಕೊನೆಯಲ್ಲಿರುವ ತಾಣದ ಹೆಸರಿನ ಬಗ್ಗೆ ಒಂದು ಮಾತು. 2022ರ ಅಕ್ಟೋಬರ್‌ನಿಂದ ಗೂಗಲ್ ಮೊಬೈಲ್ ಫಲಿತಾಂಶಗಳಲ್ಲಿ ತಾಣದ ಹೆಸರನ್ನು ಶೀರ್ಷಿಕೆಯ ಮೇಲೆ ಬೇರೆ ಸಾಲಿನಲ್ಲಿ ತೋರಿಸಲು ಆರಂಭಿಸಿತು, ಮುಂದಿನ ವರ್ಷ ಕಂಪ್ಯೂಟರ್‌ನ ಫಲಿತಾಂಶಗಳಿಗೂ ಅದು ಬಂತು. ಅಲ್ಲಿಂದೀಚೆಗೆ ಶೀರ್ಷಿಕೆಯ ತುದಿಯ ಹೆಸರನ್ನು ಎಂಜಿನ್ ಕೈಬಿಡುವುದು ಹೆಚ್ಚು ಸಹಜವಾಗಿದೆ, ಒಂದೇ ಹೆಸರು ಎರಡು ಸಲ ಕಾಣುವುದು ಅದಕ್ಕೆ ಬೇಡ. ಟ್ಯಾಬ್ ಮತ್ತು ಬುಕ್‌ಮಾರ್ಕ್‌ಗಳಿಗಾಗಿ ಹೆಸರನ್ನು ತುದಿಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದೇ, ಆದರೆ ಅದು ಫಲಿತಾಂಶದಲ್ಲಿ ಕಾಣದಿದ್ದರೆ ನಷ್ಟವೇನೂ ಆಗಿಲ್ಲ. ಬೇರ್ಪಡಿಸುವ ಗುರುತಿನಲ್ಲೂ ಸಣ್ಣ ವ್ಯತ್ಯಾಸವಿದೆ. ಝಿಪ್ಪಿಯ ಅದೇ ಅಧ್ಯಯನದಲ್ಲಿ ನಿಂತ ಗೆರೆಗಿಂತ ಮಲಗಿದ ಗೆರೆ ಹೆಚ್ಚು ಸಲ ಉಳಿದಿತ್ತು, ಚೌಕ ಆವರಣದೊಳಗಿನ ಮಾತು ದುಂಡು ಆವರಣದ ಮಾತಿಗಿಂತ ಹೆಚ್ಚು ಸಲ ಕಳಚಿತ್ತು. ‘ಹೊಸದು’, ‘ಸಂಪೂರ್ಣ ಮಾಹಿತಿ’ ಎಂಬ ಪದಗಳನ್ನು ಚೌಕ ಆವರಣದಲ್ಲಿ ಹಾಕುವ ಅಭ್ಯಾಸವನ್ನು ಬಿಡಲು ಇದೊಂದು ಕಾರಣ ಸಾಕು.

ಉದ್ದದ ಪ್ರಶ್ನೆಯಲ್ಲಿ ಇಂಗ್ಲಿಷ್ ಕೈಪಿಡಿಗಳ ಸಲಹೆ ಕನ್ನಡಕ್ಕೆ ಹೊಂದುವುದಿಲ್ಲ. ಶೀರ್ಷಿಕೆ 60 ಅಕ್ಷರ ಮೀರಬಾರದು ಎಂದು ಅವು ಹೇಳುತ್ತವೆ. ಗೂಗಲ್ ಅಂಥ ಯಾವ ಮಿತಿಯನ್ನೂ ಹಾಕಿಲ್ಲ. ಪರದೆಯ ಅಗಲಕ್ಕೆ ತಕ್ಕಂತೆ ಸಾಲನ್ನು ಕತ್ತರಿಸುತ್ತದೆ, ಕಂಪ್ಯೂಟರ್‌ನಲ್ಲಿ ಅದು ಹೆಚ್ಚುಕಡಿಮೆ 600 ಪಿಕ್ಸೆಲ್. ಕನ್ನಡದಲ್ಲಿ ಎಣಿಕೆಗೂ ಅಗಲಕ್ಕೂ ನೇರ ಸಂಬಂಧವಿಲ್ಲ. ‘ಕರ್ನಾಟಕ’ ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ, ಕಂಪ್ಯೂಟರ್ ಎಣಿಸುವುದು ಏಳು ಸಂಕೇತ, ಏಕೆಂದರೆ ‘ರ್ನಾ’ ಎಂಬ ಒಂದೇ ಅಕ್ಷರ ನಾಲ್ಕು ಸಂಕೇತಗಳಿಂದ ಆದದ್ದು. ಜೊತೆಗೆ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳಿಗಿಂತ ಅಗಲ. ಆದ್ದರಿಂದ ಸಾಫ್ಟ್‌ವೇರ್ ತೋರಿಸುವ ಸಂಖ್ಯೆಯನ್ನು ಬಿಟ್ಟು, ಬಾಯಲ್ಲಿ ಎಣಿಸುವ ಅಕ್ಷರಗಳನ್ನು ಲೆಕ್ಕ ಹಾಕುವುದು ಮೇಲು. ಮುಖ್ಯ ಮಾತು ಮೊದಲ 30 ಅಕ್ಷರಗಳೊಳಗೆ ಮುಗಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ ಎಂಬುದು ಒಂದು ಕಣ್ಣಂದಾಜು. ಮೇಲೆ ತಿದ್ದಿದ ಶೀರ್ಷಿಕೆಯಲ್ಲಿ ತಾಣದ ಹೆಸರನ್ನು ಬಿಟ್ಟರೆ 20 ಅಕ್ಷರಗಳಿವೆ.

ಕಂಡದ್ದನ್ನೆಲ್ಲ ಶೀರ್ಷಿಕೆಯ ಬದಲಾವಣೆ ಎಂದು ತಿಳಿಯುವುದೂ ತಪ್ಪಾಗುತ್ತದೆ. ಸಾಲಿನ ಕೊನೆಯಲ್ಲಿ ಮೂರು ಚುಕ್ಕಿ ಇದ್ದು, ಅದರ ಹಿಂದಿನ ಭಾಗ ಬರೆದಂತೆಯೇ ಇದ್ದರೆ ಅದು ಕೇವಲ ಕತ್ತರಿ ಪ್ರಯೋಗ. ಒಂದೇ ಲೇಖನ ಎರಡು ವಿಳಾಸಗಳಲ್ಲಿದ್ದರೆ ಎಂಜಿನ್ ಒಂದನ್ನು ಮೂಲವೆಂದು ಆರಿಸಿಕೊಂಡು ಅದರ ಶೀರ್ಷಿಕೆಯನ್ನು ತೋರಿಸುತ್ತದೆ. ಆಗ ತಿದ್ದಬೇಕಾದ ಪುಟವೇ ಬೇರೆ. ಇಂಗ್ಲಿಷ್ ಪುಟವೊಂದು ಕನ್ನಡದಲ್ಲಿ ಹುಡುಕಿದವರಿಗೆ ಕನ್ನಡ ಶೀರ್ಷಿಕೆಯೊಂದಿಗೆ ಕಂಡರೆ ಅದು ಗೂಗಲ್ ತಾನೇ ಮಾಡಿದ ಅನುವಾದ. ಫಲಿತಾಂಶಗಳನ್ನು ಹೀಗೆ ಅನುವಾದಿಸಿ ತೋರಿಸುವ ಭಾಷೆಗಳಲ್ಲಿ ಕನ್ನಡವೂ ಸೇರಿದೆ. ಅದು ಬೇಡವೆನಿಸಿದರೆ ತಡೆಯಲು ಒಂದು ಸೂಚನೆ ಇದೆ:

```html
<meta name="robots" content="notranslate">
```

ಇನ್ನೊಂದು ಪ್ರಸಂಗ ವಿಚಿತ್ರವಾಗಿ ಕಾಣುತ್ತದೆ. `robots.txt` ಕಡತದಲ್ಲಿ ಒಂದು ಪುಟವನ್ನು ಓದಬಾರದೆಂದು ತಡೆದಿದ್ದರೂ, ಹೊರಗಿನಿಂದ ಅದಕ್ಕೆ ಕೊಂಡಿಗಳಿದ್ದರೆ ಪುಟದ ವಿಳಾಸ ಫಲಿತಾಂಶದಲ್ಲಿ ಬರಬಹುದು. ಎಂಜಿನ್ ಪುಟವನ್ನು ತೆರೆದೇ ನೋಡಿರುವುದಿಲ್ಲ, ಹಾಗಾಗಿ ಶೀರ್ಷಿಕೆಯನ್ನು ಕೊಂಡಿಗಳ ಮಾತಿನಿಂದಲೇ ಕಟ್ಟುತ್ತದೆ. ಇಂಥ ಪುಟದ ಟೈಟಲ್ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ತಡೆ ತೆಗೆಯಬೇಕು. ಪುಟವೇ ಫಲಿತಾಂಶದಲ್ಲಿ ಬರಬಾರದೆಂದಿದ್ದರೂ ತಡೆ ತೆಗೆದು, `noindex` ಎಂಬ ಸೂಚನೆಯನ್ನು ಪುಟದೊಳಗೆ ಹಾಕಬೇಕು. ಪುಟ ತೆರೆಯಲಾಗದಿದ್ದರೆ ಎಂಜಿನ್‌ಗೆ ಆ ಸೂಚನೆಯೂ ಕಾಣುವುದಿಲ್ಲ.

ಪರೀಕ್ಷಿಸುವ ಕ್ರಮ ಹೀಗಿದೆ. ಮೊದಲು, ಓದುಗರು ಹುಡುಕುವ ಪದಗಳನ್ನೇ ಹಾಕಿ ಪುಟವನ್ನು ಫಲಿತಾಂಶದಲ್ಲಿ ಹುಡುಕಬೇಕು. `site:` ಎಂಬುದರ ಮುಂದೆ ತಾಣದ ವಿಳಾಸ ಹಾಕಿದರೆ ಆ ತಾಣದ ಪುಟಗಳಷ್ಟೇ ಬರುತ್ತವೆ, ಆದರೆ ಅಲ್ಲಿ ಕಾಣುವ ಶೀರ್ಷಿಕೆ ಸಾಮಾನ್ಯ ಹುಡುಕಾಟದಲ್ಲಿ ಕಾಣುವುದಕ್ಕಿಂತ ಭಿನ್ನವಾಗಿರಲೂಬಹುದು. ಆಮೇಲೆ ಪುಟವನ್ನು ತೆರೆದು ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮೂಲ ಕೋಡ್ ಕಾಣುತ್ತದೆ. ಫಲಿತಾಂಶದಲ್ಲಿ ಕಂಡ ಸಾಲನ್ನು ಅಲ್ಲಿ ಹುಡುಕಬೇಕು. ಅದು `<h1>`ನಲ್ಲೋ `og:title`ನಲ್ಲೋ ಸಿಕ್ಕರೆ ಎಂಜಿನ್ ಯಾವುದನ್ನು ಹೆಚ್ಚು ನಂಬಿತು ಎಂಬುದು ಗೊತ್ತಾಯಿತು. ಎಲ್ಲೂ ಸಿಗದಿದ್ದರೆ ಅದು ಹೊರಗಿನ ಕೊಂಡಿಯ ಮಾತಾಗಿರಬಹುದು ಅಥವಾ ಪುಟದ ಹಳೆಯ ಆವೃತ್ತಿಯದಾಗಿರಬಹುದು. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಪುಟದ ವಿಳಾಸ ಹಾಕಿ ಪರಿಶೀಲಿಸಿದರೆ, ಗೂಗಲ್ ಕೊನೆಯ ಸಲ ಬಂದದ್ದು ಯಾವಾಗ, ಆಗ ಅದು ಓದಿಕೊಂಡ ಕೋಡ್ ಯಾವುದು, ಮೂಲವೆಂದು ಆರಿಸಿದ ವಿಳಾಸ ಯಾವುದು ಎಂಬುದೆಲ್ಲ ತಿಳಿಯುತ್ತದೆ. ಮೊಬೈಲ್‌ಗೆ ಬೇರೆ ಪುಟ ಇರುವ ತಾಣಗಳಲ್ಲಿ ಗೂಗಲ್ ಓದುವುದು ಮೊಬೈಲ್ ಆವೃತ್ತಿಯನ್ನು. ಆ ಪುಟದ ಟೈಟಲ್ ತಿದ್ದದೆ ಕಂಪ್ಯೂಟರ್ ಆವೃತ್ತಿಯದನ್ನು ಮಾತ್ರ ತಿದ್ದಿ ಕಾಯುತ್ತ ಕೂರುವುದು ವ್ಯರ್ಥ.

ತಿದ್ದಿದ ಮೇಲೆ ಅದೇ ಕನ್ಸೋಲ್‌ನಿಂದ ಪುಟವನ್ನು ಮತ್ತೆ ಓದುವಂತೆ ಕೋರಿಕೆ ಸಲ್ಲಿಸಬಹುದು. ಬದಲಾವಣೆ ಕಾಣಲು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಬೇಕಾಗುತ್ತದೆ. ಆ ಅವಧಿಯಲ್ಲಿ ಶೀರ್ಷಿಕೆಯನ್ನು ಪದೇ ಪದೇ ಬದಲಿಸಿದರೆ ಯಾವ ತಿದ್ದುಪಡಿ ಫಲ ಕೊಟ್ಟಿತು ಎಂಬುದೇ ತಿಳಿಯದು. ಒಂದು ಸಲ ಸರಿಯಾಗಿ ತಿದ್ದಿ, ಗೂಗಲ್ ಮತ್ತೆ ಓದಿದ ದಿನಾಂಕವನ್ನು ಕನ್ಸೋಲ್‌ನಲ್ಲಿ ಖಚಿತ ಮಾಡಿಕೊಂಡ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು.

ಇಷ್ಟೆಲ್ಲ ಮಾಡಿದರೂ ಶೀರ್ಷಿಕೆ ಬದಲಾಗದೆಂಬ ಖಾತರಿ ಇಲ್ಲ. ‘ನನ್ನ ಶೀರ್ಷಿಕೆಯನ್ನೇ ತೋರಿಸು’ ಎಂದು ಹೇಳುವ ಯಾವ ಟ್ಯಾಗ್ ಕೂಡ ಗೂಗಲ್‌ನಲ್ಲಿಲ್ಲ. `nosnippet` ಎಂಬ ಸೂಚನೆ ಶೀರ್ಷಿಕೆಯ ಕೆಳಗಿನ ವಿವರಣೆಯನ್ನು ತಡೆಯುತ್ತದೆ, ಶೀರ್ಷಿಕೆಗೆ ಅದು ಅನ್ವಯಿಸುವುದಿಲ್ಲ. ಮೈಕ್ರೋಸಾಫ್ಟ್‌ನ ಬಿಂಗ್ ಕೂಡ ಹುಡುಕುವವರಿಗೆ ಅನುಕೂಲವಾಗುತ್ತದೆಂದು ಕಂಡಾಗ ಶೀರ್ಷಿಕೆಯನ್ನು ಬದಲಿಸುತ್ತದೆ. ತಮ್ಮದೇ ಶೀರ್ಷಿಕೆಯನ್ನು ತೋರಿಸಬೇಕೆಂದು ಕೇಳುವ ಹಕ್ಕು ಪುಟದ ಒಡೆಯರಿಗೆ ಇರಬೇಕು ಎಂಬ ವಾದದಲ್ಲಿ ಹುರುಳಿದೆ, ಮುಖ್ಯವಾಗಿ ಒಂದೊಂದು ಪದವನ್ನೂ ತೂಗಿ ಬರೆಯುವ ಪತ್ರಿಕೆಗಳ ವಿಷಯದಲ್ಲಿ. ಇನ್ನೊಂದು ಸಂಗತಿಯಿಂದ ಸ್ವಲ್ಪ ನೆಮ್ಮದಿ ದೊರೆಯುತ್ತದೆ. ಕಾಣುವ ಶೀರ್ಷಿಕೆ ಬದಲಾದರೂ, ಪುಟವನ್ನು ಯಾವ ಸ್ಥಾನದಲ್ಲಿ ತೋರಿಸಬೇಕೆಂದು ನಿರ್ಧರಿಸುವಾಗ ಬರೆದವರ ಮೂಲ ಟೈಟಲ್ ಟ್ಯಾಗ್ ಗಣನೆಗೆ ಬರುತ್ತದೆ ಎಂದು ಗೂಗಲ್‌ನವರು ಹೇಳಿದ್ದಾರೆ.

ಸರ್ಕಾರಿ ಸುತ್ತೋಲೆ, ಆದೇಶ, ವರದಿಗಳು ಹೆಚ್ಚಾಗಿ ಪಿಡಿಎಫ್ ರೂಪದಲ್ಲಿರುವುದರಿಂದ ಅವುಗಳ ಬಗ್ಗೆಯೂ ಹೇಳಬೇಕು. ಪಿಡಿಎಫ್‌ನಲ್ಲಿ ಟೈಟಲ್ ಟ್ಯಾಗ್ ಇರುವುದಿಲ್ಲ. ಕಡತದ ಗುಣಲಕ್ಷಣಗಳಲ್ಲಿ ಶೀರ್ಷಿಕೆಗೆಂದು ಒಂದು ಖಾನೆ ಇರುತ್ತದೆ. ಎಂಜಿನ್ ಮುಖ್ಯವಾಗಿ ನೋಡುವುದು ಆ ಖಾನೆಯನ್ನು ಮತ್ತು ಆ ಕಡತಕ್ಕೆ ಕೊಟ್ಟ ಕೊಂಡಿಯ ಪದಗಳನ್ನು. ಹಳೆಯ ಆದೇಶದ ಕಡತವನ್ನೇ ತೆರೆದು ಹೊಸದನ್ನು ಬೆರಳಚ್ಚು ಮಾಡಿ ಉಳಿಸಿದಾಗ ಹಳೆಯ ಶೀರ್ಷಿಕೆ ಖಾನೆಯಲ್ಲೇ ಉಳಿದು, ಬರಗಾಲ ಪರಿಹಾರದ ಆದೇಶ ವರ್ಗಾವಣೆ ಪಟ್ಟಿಯ ಹೆಸರಿನಲ್ಲಿ ಕಾಣಬಹುದು. ಪಿಡಿಎಫ್ ಮಾಡುವ ಮುನ್ನ ವರ್ಡ್ ಕಡತದ ಗುಣಲಕ್ಷಣಗಳಲ್ಲಿ ಯುನಿಕೋಡ್ ಕನ್ನಡದಲ್ಲಿ ಶೀರ್ಷಿಕೆ ತುಂಬಿ, ಇಲಾಖೆಯ ತಾಣದಲ್ಲಿ ಕೊಂಡಿ ಕೊಡುವಾಗ ‘ಡೌನ್‌ಲೋಡ್’ ಎಂಬ ಪದದ ಜಾಗದಲ್ಲಿ ಆದೇಶದ ವಿಷಯವನ್ನೇ ಬರೆದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.